16 ಬಿಟ್‌ಗೆ ರೌಂಡ್ ಮಾಡಿದ ತಕ್ಷಣ ಆರನೇ ಆರ್ಡರ್ ಫಿಲ್ಟರ್ ಕೈಕೊಡುವುದು ಯಾಕೆ? ಎರಡೆರಡಾಗಿ ಒಡೆದರೆ ಅದೇ ಫಿಲ್ಟರ್ ಹೇಗೆ ಸರಿಹೋಗುತ್ತದೆ?

ಚೇತನ್

ಎಲ್ಲರಿಗೂ ನಮಸ್ಕಾರ. ಪಂಪ್ ಮೋಟಾರಿನ ಕಂಪನ ಅಳೆಯುವ ಸಣ್ಣ ಬೋರ್ಡ್ ಮಾಡುತ್ತಿದ್ದೇನೆ. ಕಾರ್ಟೆಕ್ಸ್-ಎಂ3 ಚಿಪ್, ಅದರಲ್ಲಿ ಫ್ಲೋಟಿಂಗ್ ಪಾಯಿಂಟ್ ಹಾರ್ಡ್‌ವೇರ್ ಇಲ್ಲ. ಸ್ಯಾಂಪ್ಲಿಂಗ್ 8 ಕಿಲೋಹರ್ಟ್ಜ್. ನನಗೆ ಬೇಕಿರುವುದು 100 ಹರ್ಟ್ಜ್‌ಗಿಂತ ಕೆಳಗಿನದು ಮಾತ್ರ. ಹಾಗಾಗಿ ಆರನೇ ಆರ್ಡರ್ ಬಟರ್‌ವರ್ತ್ ಲೋ ಪಾಸ್ ತೆಗೆದುಕೊಂಡೆ.

ಬೋರ್ಡಿಗೆ ಹಾಕುವ ಮೊದಲು ಪಿಸಿಯಲ್ಲಿ ಒಂದು ಪರೀಕ್ಷೆ ಮಾಡಿದೆ. ಡೇಟಾ ಎಲ್ಲ double ಆಗಿಯೇ ಇಟ್ಟೆ. ಛೇದದ ಕೋಎಫಿಷಿಯೆಂಟ್‌ಗಳನ್ನು ಮಾತ್ರ 16 ಬಿಟ್‌ಗೆ ರೌಂಡ್ ಮಾಡಿದೆ. ಅತಿ ದೊಡ್ಡದು 17.14 ಇರುವುದರಿಂದ ಚಿಹ್ನೆಗೆ ಒಂದು, ಪೂರ್ಣಾಂಕಕ್ಕೆ ಐದು, ಉಳಿದ 10 ಬಿಟ್ ದಶಾಂಶ ಭಾಗಕ್ಕೆ. ಅಂದರೆ ಎಲ್ಲವನ್ನೂ 1024ರಿಂದ ಗುಣಿಸಿ ರೌಂಡ್ ಮಾಡಿದ್ದು, ಅಷ್ಟೇ.

ಇನ್‌ಪುಟ್‌ಗೆ ಒಂದು ಸೆಕೆಂಡಿನ ಸ್ಟೆಪ್ ಕೊಟ್ಟರೆ ಔಟ್‌ಪುಟ್‌ನಲ್ಲಿ ನೂರಕ್ಕೂ ಜಾಸ್ತಿ ಅಂಕಿಗಳ ಸಂಖ್ಯೆ ಬರುತ್ತದೆ! ರೌಂಡ್ ಮಾಡದ ಕೋಎಫಿಷಿಯೆಂಟ್ ಹಾಕಿದರೆ ಚೆನ್ನಾಗಿ 1ಕ್ಕೆ ಹೋಗಿ ನಿಲ್ಲುತ್ತದೆ. ಎಲ್ಲ ಕಡೆ "ಸೆಕೆಂಡ್ ಆರ್ಡರ್ ಸೆಕ್ಷನ್ ಮಾಡಿ" ಎಂದು ಬರೆದಿರುತ್ತಾರೆ. ಆದರೆ ಗಣಿತದಲ್ಲಿ ಎರಡೂ ಒಂದೇ ಫಿಲ್ಟರ್ ಅಲ್ವಾ? ಪ್ರತಿ ಸಂಖ್ಯೆಯಲ್ಲಿ ಹೆಚ್ಚೆಂದರೆ 0.0005 ತಪ್ಪು. ಅಷ್ಟಕ್ಕೇ ಹೀಗಾಗಬೇಕಾ?

ಕಿರಣ್

ಸೆಕ್ಷನ್ ಮಾಡುವುದು ವೇಗಕ್ಕಾಗಿ. ಬೈಕ್ವಾಡ್ ಆದರೆ ಲೂಪ್ ಚಿಕ್ಕದು, ರಿಜಿಸ್ಟರ್‌ನಲ್ಲೇ ಎಲ್ಲ ಹಿಡಿಯುತ್ತದೆ. ನಿಮ್ಮ ಕೆಲಸಕ್ಕೆ ಐಐಆರ್ ಯಾಕೆ, ಸುಮ್ನೆ ಎಫ್‌ಐಆರ್ ಹಾಕಿಬಿಡಿ. ಫೀಡ್‌ಬ್ಯಾಕ್ ಇಲ್ಲ, ಹೀಗೆ ಹಾರುವ ಪ್ರಶ್ನೆಯೇ ಇಲ್ಲ.

ಚೇತನ್

ಕಿರಣ್, ವೇಗದ ಬಗ್ಗೆ ಅಲ್ಲ ನನ್ನ ಪ್ರಶ್ನೆ. ಲೆಕ್ಕ ಹಾಕಿದರೆ ಸೆಕ್ಷನ್ ಮಾಡಿದಾಗ ಗುಣಾಕಾರ ಒಂದೆರಡು ಜಾಸ್ತಿಯೇ ಆಗುತ್ತದೆ. 8 ಕಿಲೋಹರ್ಟ್ಜ್‌ನಲ್ಲಿ 100 ಹರ್ಟ್ಜ್ ಕಟ್‌ಆಫ್‌ಗೆ ಎಫ್‌ಐಆರ್ ಹಾಕಿದರೆ ನೂರಾರು ಟ್ಯಾಪ್ ಬೇಕು. ನನಗೆ ಈ ಸ್ಫೋಟದ ಕಾರಣ ಗೊತ್ತಾಗಬೇಕು.

ಮಂಜಣ್ಣ

ಚೇತನ್, ಕಾರಣ ನೀನೇ ಬರೆದಿದ್ದೀಯಲ್ಲಪ್ಪ. 17.14! ಡೈರೆಕ್ಟ್ ಫಾರ್ಮ್‌ನಲ್ಲಿ ಕೋಎಫಿಷಿಯೆಂಟ್ ದೊಡ್ಡದಾಗುತ್ತದೆ, ಪೂರ್ಣಾಂಕಕ್ಕೇ ಐದು ಬಿಟ್ ಹೋಗುತ್ತದೆ, ನಿಖರತೆಗೆ 10 ಮಾತ್ರ ಉಳಿಯುತ್ತದೆ. ಬೈಕ್ವಾಡ್‌ನಲ್ಲಿ ಯಾವ ಕೋಎಫಿಷಿಯೆಂಟೂ 2 ದಾಟುವುದಿಲ್ಲ. ಹಾಗಾಗಿ 14 ಬಿಟ್ ನಿಖರತೆ ಸಿಗುತ್ತದೆ. ನಾಲ್ಕು ಬಿಟ್‌ನ ವ್ಯತ್ಯಾಸ. ನಾವು ಮಾಡುತ್ತಿದ್ದ ಕಾಲದಲ್ಲಿ 24 ಬಿಟ್ ಡಿಎಸ್‌ಪಿ ಇರುತ್ತಿತ್ತು, ಈ ತಲೆನೋವು ಇರಲಿಲ್ಲ. ನಾಲ್ಕು ಬಿಟ್ ಜಾಸ್ತಿ ಕೊಡು, ಸರಿಹೋಗುತ್ತದೆ.

ವಸುಧಾ

ಮಂಜಣ್ಣ ಸರ್ ಹೇಳಿದ್ದು ನಿಜ, ಆದರೆ ಅದು ಅರ್ಧ ಕಥೆ. ನಾಲ್ಕು ಬಿಟ್ ಕೊಟ್ಟರೂ ಇಲ್ಲಿ ಸರಿಹೋಗುವುದಿಲ್ಲ. ಎಷ್ಟು ಕೊಡಬೇಕು ಎನ್ನುವುದನ್ನು ಪೆನ್ನು ಪೇಪರಿನಲ್ಲೇ ತೋರಿಸಬಹುದು.

ಚೇತನ್, ರೌಂಡ್ ಮಾಡಿದ ಮೇಲೆ ಬಂದ ಏಳು ಪೂರ್ಣಾಂಕಗಳನ್ನು ಇಲ್ಲಿ ಹಾಕಿ. ಎಲ್ಲವನ್ನೂ ಕೂಡಿಸಿ, ಮೊತ್ತವನ್ನೂ ಹೇಳಿ.

ಚೇತನ್

ಇಲ್ಲಿದೆ ಮೇಡಂ.

```python
from scipy.signal import butter
b, a = butter(6, 100, fs=8000)
q = [int(round(c * 1024)) for c in a]
print(q, sum(q))
# [1024, -5833, 13853, -17556, 12521, -4765, 756] 0
```

ಮೊತ್ತ ಸರಿಯಾಗಿ ಸೊನ್ನೆ. ಇದು ಕಾಕತಾಳೀಯವಾ?

ವಸುಧಾ

ಸೊನ್ನೆಯೇ ಬಂದಿದ್ದು ಸ್ವಲ್ಪ ಅದೃಷ್ಟ. ಆದರೆ ಸರಿಯಾದ ಮೊತ್ತ ಬರಲು ಸಾಧ್ಯವೇ ಇರಲಿಲ್ಲ. ಅದೇ ಇಲ್ಲಿನ ವಿಷಯ.

ಛೇದವನ್ನು A(z) ಎನ್ನೋಣ. z ಜಾಗದಲ್ಲಿ 1 ಹಾಕಿದರೆ ಉಳಿಯುವುದು ಕೋಎಫಿಷಿಯೆಂಟ್‌ಗಳ ಮೊತ್ತ. ಅದೇ A(1). ಇನ್ನೊಂದು ಕಡೆಯಿಂದ ನೋಡಿದರೆ, ಅದು ಆರು ಪೋಲ್‌ಗಳು z = 1ರಿಂದ ಎಷ್ಟೆಷ್ಟು ದೂರ ಇವೆಯೋ ಆ ಆರು ದೂರಗಳ ಗುಣಲಬ್ಧ. ನಿಮ್ಮ ಕಟ್‌ಆಫ್ ಸ್ಯಾಂಪ್ಲಿಂಗ್‌ನ 80ನೇ ಒಂದು ಭಾಗ. ಹಾಗಾಗಿ ಎಲ್ಲ ಪೋಲ್‌ಗಳೂ 1ರ ಪಕ್ಕದಲ್ಲೇ ಗುಂಪು ಕಟ್ಟಿಕೊಂಡು ಕೂತಿವೆ. ದೂರ ಸುಮಾರು 2π × 100 / 8000, ಅಂದರೆ 0.08ರ ಆಸುಪಾಸು. ಅಂಥ ಆರು ಸಂಖ್ಯೆಗಳನ್ನು ಗುಣಿಸಿ. ನಿಮ್ಮ ಫಿಲ್ಟರಿನ ನಿಜವಾದ A(1) ಬರುವುದು 0.0000002.

ಈಗ ನೀವು ಬಳಸಿದ ಅಳತೆಪಟ್ಟಿ ನೋಡಿ. ಅದರ ಅತಿ ಸಣ್ಣ ಗೆರೆ 1/1024, ಹೆಚ್ಚು ಕಡಿಮೆ 0.001. ರೌಂಡ್ ಮಾಡಿದ ಏಳು ಸಂಖ್ಯೆಗಳೂ ಆ ಗೆರೆಗಳ ಮೇಲೇ ಇರುವುದರಿಂದ ಅವುಗಳ ಮೊತ್ತವೂ ಒಂದು ಗೆರೆಯ ಮೇಲೇ ಬೀಳಬೇಕು. ಅಂದರೆ A(1) ಸೊನ್ನೆ ಆಗಬಹುದು, ಇಲ್ಲದಿದ್ದರೆ 0.001 ಆಗಬಹುದು, −0.001 ಆಗಬಹುದು. ನಿಮಗೆ ಬೇಕಿರುವ ಸಂಖ್ಯೆ ಇದರ 4800ನೇ ಒಂದು ಭಾಗ. ಅದನ್ನು ಹಿಡಿಯಲು ಈ ಪಟ್ಟಿಯಲ್ಲಿ ಜಾಗವೇ ಇಲ್ಲ. ಎಷ್ಟು ಜಾಣತನದಿಂದ ರೌಂಡ್ ಮಾಡಿದರೂ ಇಲ್ಲ.

ಒಂದೊಂದು ಸಾಧ್ಯತೆಯೂ ಏನು ಮಾಡುತ್ತದೆ? ಸೊನ್ನೆ ಬಂದರೆ ಒಂದು ಪೋಲ್ ಸರಿಯಾಗಿ z = 1ರ ಮೇಲೆ ಕೂತಿದೆ ಎಂದರ್ಥ. ಫಿಲ್ಟರ್ ಇಂಟಿಗ್ರೇಟರ್ ಆಗುತ್ತದೆ, ಸ್ಥಿರ ಇನ್‌ಪುಟ್ ಕೊಟ್ಟರೆ ಏರುತ್ತಲೇ ಹೋಗುತ್ತದೆ. ಋಣ ಸಂಖ್ಯೆ ಬಂದರೆ ಇನ್ನೂ ಕೆಟ್ಟದು, ಒಂದು ಪೋಲ್ 1ರ ಆಚೆ ಹೋಗಿಯೇ ಇರುತ್ತದೆ. ಧನ ಸಂಖ್ಯೆ 0.001 ಬಂದರೆ ಬಚಾವ್ ಅಂದುಕೊಳ್ಳಬೇಡಿ. ಆರು ದೂರಗಳ ಗುಣಲಬ್ಧ 0.001 ಆಗಬೇಕಾದರೆ ಸರಾಸರಿ ದೂರ 0.001ರ ಆರನೇ ಮೂಲ, ಅಂದರೆ 0.32. 0.08ರಲ್ಲಿದ್ದ ಪೋಲ್‌ಗಳು 0.32ಕ್ಕೆ ಎದ್ದು ಹೋದವು. ಅವು ಚದುರುವಾಗ ಎಲ್ಲವೂ ಒಂದೇ ದಿಕ್ಕಿಗೆ ಹೋಗುವುದಿಲ್ಲ, 1ರ ಸುತ್ತ ಹರಡಿಕೊಳ್ಳುತ್ತವೆ. ಕೆಲವು ಏಕಮಾನ ವೃತ್ತದ ಆಚೆ ಬೀಳುತ್ತವೆ.

ನಿಮ್ಮ "0.0005 ತಪ್ಪು ಅಷ್ಟೇ" ಎನ್ನುವ ಪ್ರಶ್ನೆಗೆ ಉತ್ತರ ಆ ಆರನೇ ಮೂಲದಲ್ಲಿದೆ. ಗುಂಪಾಗಿರುವ ಆರು ಪೋಲ್‌ಗಳಿಗೆ ಸಣ್ಣ ತಪ್ಪು ಸಣ್ಣದಾಗಿ ತಲುಪುವುದಿಲ್ಲ.

ಚೇತನ್

ಈಗ ಸ್ವಲ್ಪ ಬೆಳಕು ಬಿತ್ತು. ಆದರೆ ಇಂಟಿಗ್ರೇಟರ್ ಆಗಿದ್ದರೆ ನಿಧಾನವಾಗಿ ಏರಬೇಕಿತ್ತು. ನನಗೆ ಕಾಣುತ್ತಿರುವುದು ಮೇಲೆ ಕೆಳಗೆ ತೂಗುತ್ತಾ ದೊಡ್ಡದಾಗುತ್ತಿರುವ ಅಲೆ.

ವಸುಧಾ

ಹೌದು, ನಿಮ್ಮ ಏಳು ಸಂಖ್ಯೆಗಳನ್ನು (z − 1)ರಿಂದ ಭಾಗಿಸಿ ನೋಡಿದೆ. ಉಳಿಯುವುದು 1024, −4809, 9044, −8512, 4009, −756. ಮತ್ತೆ ಕೂಡಿಸಿ: ಮತ್ತೂ ಸೊನ್ನೆ. ಅಂದರೆ z = 1ರಲ್ಲಿ ಒಂದಲ್ಲ, ಎರಡು ಪೋಲ್. ಇನ್ನೊಮ್ಮೆ ಭಾಗಿಸಿದರೆ 1024, −3785, 5259, −3253, 756 ಉಳಿಯುತ್ತದೆ. ಈ ನಾಲ್ಕರಲ್ಲಿ ಒಂದು ಜೋಡಿ 1.026 ± 0.149j ಹತ್ತಿರ ಇದೆ. ಅದರ ತ್ರಿಜ್ಯ 1.037. ನೀವು ನೋಡಿದ ಅಲೆ ಅದೇ. ಆವರ್ತನ ಸುಮಾರು 183 ಹರ್ಟ್ಜ್ ಇರಬೇಕು, ಪ್ರತಿ 19 ಸ್ಯಾಂಪಲ್‌ಗೆ ಎರಡು ಪಟ್ಟಾಗಬೇಕು. ಪ್ಲಾಟ್ ಜೂಮ್ ಮಾಡಿ ಎಣಿಸಿ.

ಚೇತನ್

ಎಣಿಸಿದೆ. ಒಂದು ಅಲೆಗೆ ಸುಮಾರು 44 ಸ್ಯಾಂಪಲ್. 8000ವನ್ನು 44ರಿಂದ ಭಾಗಿಸಿದರೆ 182. ಸರಿಯಾಗಿದೆ!

ರೇಖಾ ಎಸ್.

ನಡುವೆ ಬಾಯಿ ಹಾಕುತ್ತಿದ್ದೇನೆ. ಇಷ್ಟೆಲ್ಲ ಯಾಕೆ? ಎಫ್‌ಪಿಯು ಇರುವ ಎಂ4 ಚಿಪ್ ತೆಗೆದುಕೊಂಡು float ಹಾಕಿದರೆ ಮುಗಿಯಿತು. ಫಿಕ್ಸೆಡ್ ಪಾಯಿಂಟ್ ಕಾಲ ಮುಗಿದಿದೆ.

ವಸುಧಾ

ರೇಖಾ, ಈ ಫಿಲ್ಟರ್‌ಗೆ ಡೈರೆಕ್ಟ್ ಫಾರ್ಮ್‌ನಲ್ಲಿ 32 ಬಿಟ್ float ಕೂಡ ಸಾಲುವುದಿಲ್ಲ. float ನಲ್ಲಿ ನಿಖರತೆ 24 ಬಿಟ್. 16ರಿಂದ 32ರ ನಡುವಿನ ಸಂಖ್ಯೆಗಳ ಗೆರೆಗಳ ಅಂತರ 2ರ ಘಾತ −19, ಅಂದರೆ 0.0000019. ನಮ್ಮ 17.14 ಅಲ್ಲೇ ಇದೆ. ನಮಗೆ ಬೇಕಿರುವ A(1) 0.0000002. ಗೆರೆಯ ಅಂತರವೇ ಅದರ ಒಂಬತ್ತು ಪಟ್ಟಿಗಿಂತ ಜಾಸ್ತಿ. double ಆದರೆ ಸರಿ, ಚೇತನ್ ಮೊದಲ ಪರೀಕ್ಷೆಯಲ್ಲಿ ಚೆನ್ನಾಗಿ ಬಂದಿದ್ದು ಅದಕ್ಕೇ. float ತೆಗೆದುಕೊಂಡರೂ ಸೆಕ್ಷನ್ ಮಾಡಲೇಬೇಕು.

ಮಂಜಣ್ಣ ಸರ್, ನಿಮ್ಮ ನಾಲ್ಕು ಬಿಟ್ ಲೆಕ್ಕಕ್ಕೂ ಉತ್ತರ ಇದೇ. 20 ಬಿಟ್ ಮಾಡಿ ದಶಾಂಶ ಭಾಗಕ್ಕೆ 14 ಕೊಟ್ಟರೂ ಗೆರೆಯ ಅಂತರ A(1)ಗಿಂತ 300 ಪಟ್ಟು ದೊಡ್ಡದು. 24 ಬಿಟ್ ಡಿಎಸ್‌ಪಿಯಲ್ಲೂ ಈ ಫಿಲ್ಟರ್ ಡೈರೆಕ್ಟ್ ಆಗಿ ನಿಲ್ಲುವುದಿಲ್ಲ. ನೀವು ಆಗ ಸೆಕ್ಷನ್ ಮಾಡಿಯೇ ಹಾಕಿರುತ್ತೀರಿ ಅನಿಸುತ್ತದೆ.

ಮಂಜಣ್ಣ

ಸೆಕ್ಷನ್ ಮಾಡಿಯೇ ಹಾಕುತ್ತಿದ್ದೆವು, ಅದು ಸರಿ. ಆದರೆ 32 ಬಿಟ್ ಕೋಎಫಿಷಿಯೆಂಟ್ ಕೊಟ್ಟರೆ ನಡೆಯಲೇಬೇಕಲ್ಲಮ್ಮ? ಎಂ3ಯಲ್ಲಿ 32ರಿಂದ 32 ಗುಣಿಸಿ 64 ಬಿಟ್ ಉತ್ತರ ಕೊಡುವ ಇನ್‌ಸ್ಟ್ರಕ್ಷನ್ ಇದೆ.

ವಸುಧಾ

ನಡೆಯಬಹುದು, ಆದರೆ ಕುಂಟುತ್ತಾ. 32ರಲ್ಲಿ 26 ಬಿಟ್ ದಶಾಂಶಕ್ಕೆ ಕೊಟ್ಟರೆ A(1) ಅಂದಾಜು 13 ಅಥವಾ 14 ಗೆರೆಗಳಷ್ಟು ಆಗುತ್ತದೆ. ಆರು ಕೋಎಫಿಷಿಯೆಂಟ್‌ಗಳಿಂದ ತಲಾ ಅರ್ಧ ಗೆರೆ ತಪ್ಪು ಬಂದು ಎಲ್ಲ ಒಂದೇ ಕಡೆ ಸೇರಿದರೆ ಮೂರು ಗೆರೆ. ಡಿಸಿ ಗೇನ್ ಎರಡು ಡೆಸಿಬಲ್ ಹತ್ತಿರ ಆಚೀಚೆ ಆಗಬಹುದು. 32 ಬಿಟ್ ಖರ್ಚು ಮಾಡಿ ಈ ಸ್ಥಿತಿ. ಈಗ 16 ಬಿಟ್‌ನಲ್ಲೇ ಒಡೆದರೆ ಏನಾಗುತ್ತದೆ ನೋಡಿ.

ನಿಮ್ಮದೇ ಫಿಲ್ಟರ್‌ನ ಮೂರು ಸೆಕ್ಷನ್‌ಗಳು. ಪ್ರತಿಯೊಂದರಲ್ಲೂ a1, a2 ಎರಡೇ. a1ರ ಗಾತ್ರ 2 ದಾಟುವುದಿಲ್ಲ, ಹಾಗಾಗಿ Q14, ಅಂದರೆ 16384ರಿಂದ ಗುಣಿಸುವುದು.

```
        a1       a2      16384+a1+a2   ರೌಂಡ್ ಮಾಡದಿದ್ದರೆ
S1   -30366    14076         94            93.9
S2   -30950    14662         96            95.7
S3   -32017    15732         99            99.0
```

ಕೊನೆಯ ಎರಡು ಅಂಕಣ ಗಮನಿಸಿ. ಪ್ರತಿ ಸೆಕ್ಷನ್‌ನಲ್ಲೂ ಗುಣಿಸಬೇಕಿರುವುದು ಎರಡು ದೂರಗಳನ್ನು ಮಾತ್ರ. 0.08 ಗುಣಿಸು 0.08, ಅಂದರೆ 0.006. ಅದು ಗೆರೆಯ ಅಂತರದ 90ಕ್ಕೂ ಹೆಚ್ಚು ಪಟ್ಟು. ಆರು ಸಂಖ್ಯೆ ಗುಣಿಸಿ ಬಂದ ಅತಿ ಸಣ್ಣ ಸಂಖ್ಯೆಯನ್ನು ದೊಡ್ಡ ದೊಡ್ಡ ಕೋಎಫಿಷಿಯೆಂಟ್‌ಗಳ ವ್ಯತ್ಯಾಸದಲ್ಲಿ ಅಡಗಿಸಿಡುವ ಬದಲು, ಮೂರು ಮಧ್ಯಮ ಗಾತ್ರದ ಸಂಖ್ಯೆಗಳನ್ನು ಬೇರೆ ಬೇರೆಯಾಗಿ ಇಟ್ಟೆವು. ಅವುಗಳ ಗುಣಾಕಾರ ಸಿಗ್ನಲ್ ಹರಿಯುವಾಗ ತಾನಾಗಿಯೇ ಆಗುತ್ತದೆ. ಆ ಗುಣಲಬ್ಧವನ್ನು ಎಲ್ಲೂ ಬರೆದಿಡಬೇಕಿಲ್ಲ.

ಈ ರೌಂಡಿಂಗ್‌ನಿಂದ ಛೇದಗಳಲ್ಲಿ ಬರುವ ಒಟ್ಟು ಡಿಸಿ ತಪ್ಪು 0.04 ಡೆಸಿಬಲ್. ಇನ್ನೊಂದು ಲಾಭ ಇದೆ. S2ರ a1 ರೌಂಡ್ ಆದರೆ S2ರ ಪೋಲ್ ಜೋಡಿ ಮಾತ್ರ ಅಲ್ಲಾಡುತ್ತದೆ. S1, S3ಗೆ ಅದರ ಸುದ್ದಿಯೂ ತಿಳಿಯುವುದಿಲ್ಲ. ಡೈರೆಕ್ಟ್ ಫಾರ್ಮ್‌ನಲ್ಲಿ ಯಾವ ಒಂದು ಸಂಖ್ಯೆ ಮುಟ್ಟಿದರೂ ಆರೂ ಪೋಲ್ ಜರುಗುತ್ತವೆ.

ಸ್ಥಿರವಾಗಿದೆಯೋ ಇಲ್ಲವೋ ಎಂದು ನೋಡುವುದೂ ಸುಲಭ. a2 1ಕ್ಕಿಂತ ಕಡಿಮೆ ಇರಬೇಕು, a1ರ ಗಾತ್ರ 1 + a2ಗಿಂತ ಕಡಿಮೆ ಇರಬೇಕು. ಮೂರು ಸಾಲಿಗೂ ಕಣ್ಣಲ್ಲೇ ಹೇಳಬಹುದು.

ಕಿರಣ್

ಹಾಗಿದ್ದರೆ ಎರಡಕ್ಕೆ ಯಾಕೆ ನಿಲ್ಲಿಸಬೇಕು? ಒಂದೊಂದು ಪೋಲ್‌ಗೆ ಒಂದೊಂದು ಸೆಕ್ಷನ್ ಮಾಡಿದರೆ ಇನ್ನೂ ಒಳ್ಳೆಯದಲ್ವಾ? ಆರು ಫಸ್ಟ್ ಆರ್ಡರ್.

ವಸುಧಾ

ಒಳ್ಳೆಯ ಪ್ರಶ್ನೆ. ಇಲ್ಲಿನ ಆರೂ ಪೋಲ್‌ಗಳು ಸಂಕೀರ್ಣ ಸಂಖ್ಯೆಗಳು. ಒಂದನ್ನೇ ಬಿಡಿಸಿದರೆ ಕೋಎಫಿಷಿಯೆಂಟ್ ಸಂಕೀರ್ಣ ಆಗುತ್ತದೆ, ಸಿಗ್ನಲ್ಲೂ ಸಂಕೀರ್ಣ ಆಗುತ್ತದೆ. ಒಂದು ಪೋಲ್ ಮತ್ತು ಅದರ ಕನ್ನಡಿ ಪ್ರತಿಬಿಂಬ ಎರಡನ್ನೂ ಸೇರಿಸಿದರೆ ಮಾತ್ರ ವಾಸ್ತವ ಸಂಖ್ಯೆಗಳು ಉಳಿಯುತ್ತವೆ. ಆರ್ಡರ್ ಬೆಸ ಸಂಖ್ಯೆ ಆಗಿದ್ದರೆ ಒಂದು ವಾಸ್ತವ ಪೋಲ್ ಒಂಟಿಯಾಗಿ ಉಳಿಯುತ್ತದೆ, ಅದಕ್ಕೆ ಫಸ್ಟ್ ಆರ್ಡರ್ ಸೆಕ್ಷನ್.

ಇಮ್ರಾನ್

ವಸುಧಾ ಮೇಡಂ, ನನ್ನದು ಉಲ್ಟಾ ಸಮಸ್ಯೆ. ನಾನು ಶುರುವಿನಿಂದಲೇ scipy ಯಲ್ಲಿ `output='sos'` ಹಾಕಿ ತೆಗೆದೆ. ಎಲ್ಲವನ್ನೂ Q14 ಮಾಡಿ `arm_biquad_cascade_df1_q15` ಗೆ ಕೊಟ್ಟೆ. ನನ್ನ ಫಿಲ್ಟರ್ ಸ್ಫೋಟ ಆಗುತ್ತಿಲ್ಲ, ಔಟ್‌ಪುಟ್ ಬರೀ ಸೊನ್ನೆ. ಏನು ಕೊಟ್ಟರೂ ಸೊನ್ನೆ. ಪೋಸ್ಟ್ ಶಿಫ್ಟ್ 1 ಇಟ್ಟಿದ್ದೇನೆ. a1, a2 ಚಿಹ್ನೆಯನ್ನೂ ತಿರುಗಿಸಿದ್ದೇನೆ, ಆ ಲೈಬ್ರರಿಯಲ್ಲಿ ಫೀಡ್‌ಬ್ಯಾಕ್ ಕೂಡಿಸುತ್ತಾರೆ ಎಂದು ಗೊತ್ತು.

ವಸುಧಾ

ನಿಮ್ಮ ಮೊದಲ ಸಾಲಿನ b0, b1, b2 ಪ್ರಿಂಟ್ ಮಾಡಿ. ಪಣ ಕಟ್ಟುತ್ತೇನೆ, ಸೊನ್ನೆ ಸೊನ್ನೆ ಸೊನ್ನೆ.

ಆ ಫಂಕ್ಷನ್ ಇಡೀ ಫಿಲ್ಟರಿನ ಗೇನ್ ಅನ್ನು ಮೊದಲ ಸೆಕ್ಷನ್ನಿಗೇ ಹೊರಿಸುತ್ತದೆ. ಉಳಿದವುಗಳ b ಬರೀ 1, 2, 1. ಚೇತನ್ ಫಿಲ್ಟರಿನಲ್ಲಿ ಆ ಗೇನ್ A(1) ಭಾಗಿಸು 64, ಅಂದರೆ 0.000000003. double ಲೆಕ್ಕಕ್ಕೆ ತೊಂದರೆ ಇಲ್ಲ. Q14ರಲ್ಲಿ ಅದು ಶುದ್ಧ ಸೊನ್ನೆ. ಒಡೆದು ಹಾಕಿದ ಗುಣಲಬ್ಧವನ್ನು ಅಂಶದ ಕಡೆಯಿಂದ ಮತ್ತೆ ಒಂದೇ ಕಡೆ ಗಂಟು ಕಟ್ಟಿದ ಹಾಗಾಯಿತು.

ಗೇನ್ ಅನ್ನೂ ಹಂಚಿ. ಪ್ರತಿ ಸೆಕ್ಷನ್ನಿನ ಡಿಸಿ ಗೇನ್ 1 ಆಗುವಂತೆ ಮಾಡಿದರೆ b0 = (1 + a1 + a2) / 4. ಚೇತನ್‌ನ S1ಗೆ ಅದು Q14ರಲ್ಲಿ 23.47, 46.95, 23.47. ಇಲ್ಲಿ ಇನ್ನೊಂದು ಗುಂಡಿ ಇದೆ, ಹುಷಾರು. ಒಂದೊಂದನ್ನೂ ಬೇರೆ ಬೇರೆಯಾಗಿ ರೌಂಡ್ ಮಾಡಿದರೆ 23, 47, 23 ಆಗುತ್ತದೆ. 1 : 2 : 1 ಅನುಪಾತ ಕೆಟ್ಟಿತು. z = −1ರಲ್ಲಿ ಜೋಡಿಯಾಗಿ ಕೂತಿದ್ದ ಎರಡು ಝೀರೋಗಳು −0.81 ಮತ್ತು −1.23ಕ್ಕೆ ಬಿಟ್ಟುಕೊಳ್ಳುತ್ತವೆ. ಅದೇ ವರ್ಗಮೂಲದ ಆಟ. 23, 46, 23 ಇಡಿ. S2ಗೆ 24, 48, 24. S3ಗೆ 25, 50, 25. ಒಟ್ಟು ಡಿಸಿ ಗೇನ್ −0.1 ಡೆಸಿಬಲ್, ಝೀರೋಗಳು ಮಾತ್ರ ಸರಿಯಾಗಿ ಜಾಗದಲ್ಲೇ ಇರುತ್ತವೆ.

ಇಮ್ರಾನ್

ಮೂರೂ ಸೊನ್ನೆ 😀 ಗೇನ್ ಹಂಚಿದ ಮೇಲೆ ಔಟ್‌ಪುಟ್ ಬರುತ್ತಿದೆ. ಆದರೆ ಇನ್ನೊಂದು ವಿಚಿತ್ರ. ಸ್ಥಿರ ಇನ್‌ಪುಟ್ 10000 ಕೊಟ್ಟರೆ 10000ಕ್ಕೆ ಬರುವುದಿಲ್ಲ. ಸ್ವಲ್ಪ ಕೆಳಗೇ ಅಂಟಿಕೊಂಡು ನಿಲ್ಲುತ್ತದೆ. ನನ್ನ b ಮತ್ತು a ಮೊತ್ತಗಳ ಲೆಕ್ಕದಲ್ಲಿ ಬರುವ ತಪ್ಪಿಗಿಂತ ಜಾಸ್ತಿ ಕೆಳಗೆ.

ವಸುಧಾ

ಅದು ಕೋಎಫಿಷಿಯೆಂಟ್ ಸಮಸ್ಯೆ ಅಲ್ಲ, ಡೇಟಾ ಸಮಸ್ಯೆ. ಸೆಕ್ಷನ್ ಮಾಡಿದರೆ ಇದು ತಾನಾಗಿ ಹೋಗುವುದಿಲ್ಲ. ಪ್ರತಿ ಸ್ಯಾಂಪಲ್‌ಗೂ ಉತ್ತರವನ್ನು 16 ಬಿಟ್‌ಗೆ ಇಳಿಸುವಾಗ ಕೆಳಗಿನ ಬಿಟ್‌ಗಳನ್ನು ಸುಮ್ನೆ ಕತ್ತರಿಸಿದರೆ ಪ್ರತಿ ಸಲ ಸೊನ್ನೆಯಿಂದ ಒಂದು ಎಲ್‌ಎಸ್‌ಬಿ ವರೆಗೆ ಕಳೆದುಹೋಗುತ್ತದೆ. ಅದು ಫೀಡ್‌ಬ್ಯಾಕ್‌ನೊಳಗೆ ಸುತ್ತುತ್ತದೆ. ಫೀಡ್‌ಬ್ಯಾಕ್ ಅದನ್ನು ಡಿಸಿಯಲ್ಲಿ 1 / (1 + a1 + a2) ಪಟ್ಟು ದೊಡ್ಡದು ಮಾಡುತ್ತದೆ. ಚೇತನ್‌ನ S1ಗೆ ಅದು 174. ಅಂದರೆ ಒಂದೇ ಸೆಕ್ಷನ್‌ನಿಂದ ಔಟ್‌ಪುಟ್ 174 ಎಲ್‌ಎಸ್‌ಬಿ ವರೆಗೂ ಕೆಳಗೆ ಸಿಕ್ಕಿಕೊಳ್ಳಬಹುದು. ಕತ್ತರಿಸುವ ಬದಲು ರೌಂಡ್ ಮಾಡಿದರೆ ಅರ್ಧಕ್ಕೆ ಇಳಿಯುತ್ತದೆ. ಹಿಂದಿನ ಔಟ್‌ಪುಟ್‌ಗಳನ್ನು 32 ಬಿಟ್‌ನಲ್ಲಿ ಇಟ್ಟುಕೊಂಡರೆ ಹೆಚ್ಚು ಕಡಿಮೆ ಮಾಯ. ನನ್ನ ಅಭ್ಯಾಸ ಎಂದರೆ ಕೋಎಫಿಷಿಯೆಂಟ್ 16 ಬಿಟ್, ಸ್ಟೇಟ್ 32 ಬಿಟ್.

ಮಂಜಣ್ಣ

ಇದಕ್ಕೆಲ್ಲ ಮೂಲ ಒಂದೇ. 100 ಹರ್ಟ್ಜ್ ಬೇಕು ಎನ್ನುವವನು 8000ದಲ್ಲಿ ಫಿಲ್ಟರ್ ಯಾಕೆ ಮಾಡಬೇಕು? ಮೊದಲು ಸರಳವಾದ ಫಿಲ್ಟರ್ ಹಾಕಿ 1000ಕ್ಕೆ ಇಳಿಸು. ಆಮೇಲೆ 100 ಹರ್ಟ್ಜ್ ಎಂದರೆ ಸ್ಯಾಂಪ್ಲಿಂಗ್‌ನ ಹತ್ತನೇ ಒಂದು ಭಾಗ. ಪೋಲ್‌ಗಳು 1ರಿಂದ ದೂರ ಹೋಗುತ್ತವೆ, ಈ ಗುಂಪುಗಾರಿಕೆಯೇ ಇರುವುದಿಲ್ಲ.

ವಸುಧಾ

ಇದನ್ನು ನೂರಕ್ಕೆ ನೂರು ಒಪ್ಪುತ್ತೇನೆ ಸರ್. ಸೆಕ್ಷನ್‌ಗೂ ಒಂದು ಮಿತಿ ಇದೆ, ಅದು ಇಲ್ಲೇ ಕಾಣುತ್ತದೆ. ಚೇತನ್ ಅದೇ 8 ಕಿಲೋಹರ್ಟ್ಜ್‌ನಲ್ಲಿ 10 ಹರ್ಟ್ಜ್ ಕಟ್‌ಆಫ್ ಕೇಳಿದ್ದರೆ ದೂರ 0.008 ಆಗುತ್ತಿತ್ತು, ವರ್ಗ 0.00006. Q14ರ ಒಂದು ಗೆರೆಯೂ ಅಷ್ಟೇ. 94 ಗೆರೆ ಇದ್ದ ಜಾಗದಲ್ಲಿ ಒಂದೇ ಒಂದು ಗೆರೆ. ಬೈಕ್ವಾಡ್ ಕೂಡ ಅಲ್ಲಿ ಕೈಕೊಡುತ್ತದೆ. a1, a2ಗಳನ್ನು ಸಮಾನ ಗೆರೆಗಳಲ್ಲಿ ಇಟ್ಟರೆ ಪೋಲ್ ಕೂರಬಹುದಾದ ಜಾಗಗಳು z = 1ರ ಬಳಿ ತುಂಬ ವಿರಳ. ಅಲ್ಲಿ 16 ಬಿಟ್‌ನಲ್ಲೇ ಮಾಡಬೇಕೆಂದರೆ ಒಂದೋ ಸ್ಯಾಂಪ್ಲಿಂಗ್ ಇಳಿಸಬೇಕು, ಇಲ್ಲವೇ ಗೋಲ್ಡ್ ಮತ್ತು ರೇಡರ್ ಹೆಸರಿನಲ್ಲಿರುವ ಕಪಲ್ಡ್ ಫಾರ್ಮ್ ಬಳಸಬೇಕು. ಅದರಲ್ಲಿ ಪೋಲ್‌ನ ವಾಸ್ತವ ಭಾಗ ಮತ್ತು ಕಾಲ್ಪನಿಕ ಭಾಗವನ್ನೇ ನೇರವಾಗಿ ಕೋಎಫಿಷಿಯೆಂಟ್ ಆಗಿ ಇಡುತ್ತಾರೆ. ಗುಣಾಕಾರ ಜಾಸ್ತಿ, ಆದರೆ ಜಾಗಗಳು ಎಲ್ಲ ಕಡೆ ಒಂದೇ ಸಮ.

ಬಹುಪದಿಯ ಕೋಎಫಿಷಿಯೆಂಟ್ ಅಲ್ಲಾಡಿಸಿದರೆ ಮೂಲಗಳು ಹಾರುವುದು ಫಿಲ್ಟರ್‌ಗೆ ಮಾತ್ರ ಸೀಮಿತ ಅಲ್ಲ. 1ರಿಂದ 20ರವರೆಗಿನ ಪೂರ್ಣಾಂಕಗಳನ್ನು ಮೂಲಗಳಾಗಿ ಇಟ್ಟುಕೊಂಡ ವಿಲ್ಕಿನ್ಸನ್ ಬಹುಪದಿ ಇದೆಯಲ್ಲ, ಅದರಲ್ಲಿ −210 ಎನ್ನುವ ಒಂದು ಕೋಎಫಿಷಿಯೆಂಟ್ ಅನ್ನು 2ರ ಘಾತ −23ರಷ್ಟು ಬದಲಿಸಿದರೆ ಹತ್ತು ಮೂಲಗಳು ಸಂಕೀರ್ಣ ಆಗಿಬಿಡುತ್ತವೆ. ಅಲ್ಲಿ ಮೂಲಗಳು ಗುಂಪಾಗಿ ಕೂಡ ಇಲ್ಲ.

ಚೇತನ್

ಮೂರು ಸೆಕ್ಷನ್ ಹಾಕಿ ಪಿಸಿಯಲ್ಲಿ ಓಡಿಸಿದೆ. ಸ್ಟೆಪ್ ಕೊಟ್ಟರೆ 0.989ಕ್ಕೆ ಹೋಗಿ ನಿಂತಿತು. ನೀವು ಹೇಳಿದ −0.1 ಡೆಸಿಬಲ್ ಇದೇ ಇರಬೇಕು. ಈಗ ಒಂದು ಸಣ್ಣ ಪ್ರಶ್ನೆ. ಮೂರರಲ್ಲಿ ಯಾವುದು ಮೊದಲು ಬರಬೇಕು? ಗಣಿತಕ್ಕೆ ವ್ಯತ್ಯಾಸ ಇಲ್ಲ ಎಂದು ಈ ಸಲ ಹೇಳುವುದಿಲ್ಲ 😀

ವಸುಧಾ

S3ಯನ್ನು ಕೊನೆಗೆ ಇಡಿ. scipy ಕೂಡ ಹಾಗೇ ಜೋಡಿಸುತ್ತದೆ, ವೃತ್ತಕ್ಕೆ ಅತಿ ಹತ್ತಿರದ ಪೋಲ್ ಜೋಡಿ ಕೊನೆಯಲ್ಲಿ. S3ರ Q 1.93. ಅದೊಂದೇ 93 ಹರ್ಟ್ಜ್ ಹತ್ತಿರ ಸಿಗ್ನಲ್ ಅನ್ನು ಎರಡು ಪಟ್ಟು ಮಾಡುತ್ತದೆ. ಅದು ಮೊದಲಿದ್ದರೆ ಪೂರ್ತಿ ಎತ್ತರದ ಇನ್‌ಪುಟ್ ಬಂದಾಗ ಅಲ್ಲೇ ಸ್ಯಾಚುರೇಟ್ ಆಗುತ್ತದೆ. S1, S2 ಆ ಆವರ್ತನವನ್ನು ಮೊದಲೇ ಇಳಿಸಿ ಕಳಿಸಿದರೆ S3ಗೆ ಎತ್ತಲು ಜಾಗ ಇರುತ್ತದೆ.

ಇಮ್ರಾನ್

ನನಗೆ ಇದರಲ್ಲಿ ಅನುಮಾನ ಇದೆ ಮೇಡಂ. S3 ಕೊನೆಗಿದ್ದರೆ ಅದು ತಾನೇ ಹುಟ್ಟಿಸುವ ರೌಂಡಿಂಗ್ ಸದ್ದು ನೇರವಾಗಿ ಔಟ್‌ಪುಟ್‌ಗೆ ಬರುತ್ತದೆ, ಅದೂ 93 ಹರ್ಟ್ಜ್ ಬಳಿ ಉಬ್ಬಿಕೊಂಡು. ಮೊದಲಿದ್ದರೆ ಆ ಸದ್ದನ್ನು S1, S2 ಸ್ವಲ್ಪ ತೊಳೆಯುತ್ತವೆ. ನನ್ನ ಸಿಗ್ನಲ್ ತುಂಬ ಸಣ್ಣದು, ಸ್ಯಾಚುರೇಟ್ ಆಗುವ ಭಯ ಇಲ್ಲ. ನಾನು S3ಯನ್ನು ಮೊದಲಿಟ್ಟಿದ್ದೇನೆ.

ವಸುಧಾ

ಸಿಗ್ನಲ್ ಸಣ್ಣದು ಎನ್ನುವುದು ಖಚಿತ ಇದ್ದರೆ ನಿಮ್ಮ ಮಾತಿನಲ್ಲಿ ಹುರುಳಿದೆ. ಆದರೆ ಚೇತನ್‌ನದು ಪಂಪ್. ವಾಲ್ವ್ ಮುಚ್ಚಿದಾಗ ಸೆನ್ಸರ್‌ಗೆ ಬೀಳುವ ಹೊಡೆತ ಎಷ್ಟು ದೊಡ್ಡದು ಎಂದು ಮೊದಲು ಅಳೆಯಬೇಕು. 32 ಬಿಟ್ ಸ್ಟೇಟ್ ಇಟ್ಟರೆ ಸದ್ದಿನ ವಾದ ಬಹುಪಾಲು ಬಿದ್ದುಹೋಗುತ್ತದೆ ಅನ್ನುವುದು ನನ್ನ ನಿಲುವು.

ಇಮ್ರಾನ್

32 ಬಿಟ್ ಸ್ಟೇಟ್ ಇರುವ ಫಂಕ್ಷನ್ ನನ್ನ ಬೋರ್ಡಿನಲ್ಲಿ ಸಮಯಕ್ಕೆ ಮುಗಿಯುತ್ತದೋ ಇಲ್ಲವೋ ನೋಡಬೇಕು, ನನ್ನದು ನಾಲ್ಕು ಚಾನೆಲ್. ಎರಡೂ ಕ್ರಮದಲ್ಲಿ ಇನ್‌ಪುಟ್ ಸೊನ್ನೆ ಇಟ್ಟು, ಒಂದು ಸಣ್ಣ 93 ಹರ್ಟ್ಜ್ ಸೈನ್ ಇಟ್ಟು ಸದ್ದು ಅಳೆದು ಹಾಕುತ್ತೇನೆ.

ಮಂಜಣ್ಣ

ಸೊನ್ನೆ ಇನ್‌ಪುಟ್ ಇಟ್ಟು ಅಳೆಯುವಾಗ ಅದಕ್ಕೆ ಮುಂಚೆ ಸ್ವಲ್ಪ ಸಿಗ್ನಲ್ ಕೊಟ್ಟು ನಿಲ್ಲಿಸು ಇಮ್ರಾನ್. ಸ್ಟೇಟ್ ಎಲ್ಲ ಸೊನ್ನೆಯಿಂದ ಶುರು ಮಾಡಿದರೆ ಔಟ್‌ಪುಟ್ಟೂ ಸೊನ್ನೆಯೇ ಇರುತ್ತದೆ, ಏನೂ ಗೊತ್ತಾಗುವುದಿಲ್ಲ. ಚೇತನ್, ನೀನು 1000ಕ್ಕೆ ಇಳಿಸಿ ನೋಡಿದೆಯಾ?

ಚೇತನ್

ಇನ್ನೂ ಇಲ್ಲ ಸರ್. ಇಳಿಸುವ ಮೊದಲು ಯಾವ ಫಿಲ್ಟರ್ ಹಾಕಬೇಕು ಎನ್ನುವುದರಲ್ಲೇ ಸಿಕ್ಕಿಕೊಂಡಿದ್ದೇನೆ. ಎಂಟು ಸ್ಯಾಂಪಲ್‌ಗಳ ಬರೀ ಸರಾಸರಿ ಸಾಕಾಗುತ್ತದಾ, ಅಥವಾ 900 ಹರ್ಟ್ಜ್ ಬಳಿ ಇರುವ ಬೇರಿಂಗ್ ಸದ್ದು 100ಕ್ಕೆ ಮಡಚಿಕೊಂಡು ಬರುತ್ತದಾ?

ಮಂಜಣ್ಣ

ಬರುತ್ತದೆ. ಎಂಟರ ಸರಾಸರಿಗೆ ಸೊನ್ನೆ ಇರುವುದು 1000ದಲ್ಲಿ, 900ರಲ್ಲಿ ಅಲ್ಲ. ಎರಡು ಸಲ ಸರಾಸರಿ ಮಾಡು, ಆಮೇಲೆ ಎಷ್ಟು ಉಳಿಯಿತು ಹೇಳು.